ಮೊದಲ ಗುಳ್ಳದ ಹುಳಿ

ಆ ವರ್ಷದ ಮೊದಲ ಗುಳ್ಳ ಕಟಪಾಡಿಯ ಅಂಗಡಿಗೆ ಬಂದ ದಿನವೇ ಅಜ್ಜಿಗೆ ಶೀತ ಹಿಡಿದಿತ್ತು. ಅಮ್ಮ ಅಕ್ಕನ ಎರಡನೇ ಬಾಣಂತನಕ್ಕೆಂದು ಮಂಗಳೂರಿಗೆ ಹೋಗಿದ್ದರು. ಮನೆಯಲ್ಲಿ ಚೈತ್ರಾ, ಅಜ್ಜಿ ಇಬ್ಬರೇ.

"ಮಟ್ಟುಗುಳ್ಳವೇ ಅಜ್ಜಿ. ಸ್ಟಿಕ್ಕರ್ ಉಂಟು."

"ಸ್ಟಿಕ್ಕರ್ ನೀನು ನೋಡು. ನನ್ನ ಕೈಗೆ ಕೊಡು."

ಅಜ್ಜಿ ತೊಟ್ಟಿನ ಮೇಲೆ ಹೆಬ್ಬೆರಳು ಆಡಿಸಿದರು. ಮುಳ್ಳು ಚುಚ್ಚಿತು. ಮುಖ ಅರಳಿತು. ವಾದಿರಾಜರು ಬೀಜ ಕೊಟ್ಟು ಬೆಳೆಸಿದ್ದು ಅಂತ ಊರವರು ಹೇಳುವ ಬದನೆ ಅದು. ವರ್ಷದ ಮೊದಲ ಗುಳ್ಳಕ್ಕೆ ಹುಳಿಯೇ ಆಗಬೇಕು, ಪಲ್ಯ ಆಮೇಲೆ. ಅದು ಅಜ್ಜಿಯ ಕಾನೂನು.

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋಗಿ ವರ್ಷಗಳೇ ಆಗಿದ್ದವು. ಆದರೂ ಮೊನ್ನೆಮೊನ್ನೆಯವರೆಗೆ ಮಸಾಲೆ ಹುರಿಯುತ್ತಿದ್ದದ್ದು ಅವರೇ. ಈಗ ಕೈ ನಡುಗುತ್ತದೆ. ಹಾಗಾಗಿ ಒಲೆಯ ಹತ್ತಿರ ಮಣೆ ಹಾಕಿ ಕೂತು ಹೇಳುತ್ತಾರೆ, ಚೈತ್ರಾ ಮಾಡುತ್ತಾಳೆ.

ಬೇಳೆ ಬೆಂದಿತ್ತು. ಗುಳ್ಳ ಹೆಚ್ಚಿ ನೀರಿಗೆ ಹಾಕಿಯಾಗಿತ್ತು. ಚೈತ್ರಾ ಬಾಣಲೆಗೆ ತೆಂಗಿನೆಣ್ಣೆ ಬಿಟ್ಟು ಉದ್ದಿನಬೇಳೆ, ನಾಲ್ಕು ಕಾಳು ಮೆಂತೆ ಹಾಕಿದಳು.

"ಬಗ್ಗಿ ಬಗ್ಗಿ ನೋಡ್ಬೇಡ."

"ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ಬಳೆ ಬಾಣಲೆಗೆ ತಾಗಿತಲ್ಲ. ಕೆಂಪು ಕಂಡ ಮೇಲೆ ಇಳಿಸಿದ್ರೆ ತಡ ಆಯ್ತು ಅಂತ ಲೆಕ್ಕ. ಬಿಸಿ ಬಾಣಲೆಯಲ್ಲಿ ಅದು ಮತ್ತೂ ಹುರಿಯುತ್ತದೆ. ಮೆಂತೆ ಕರಟಿದ್ರೆ ಇಡೀ ಹುಳಿ ಕಹಿ. ಕಣ್ಣು ಮುಚ್ಚು. ಸೌಟು ಆಡಿಸ್ತಾ ಇರು."

ಮುಚ್ಚಿದಳು. ಮೊದಲು ಬೇಳೆ ಮೆತ್ತಗೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗಲಗಲ ಅನ್ನತೊಡಗಿತು.

"ಕೇಳ್ತಾ? ಹಸಿ ಆರಿತು. ಈಗ ಕೊತ್ತಂಬರಿ ಹಾಕು. ಮೆಣಸು ಕೊನೆಗೆ."

"ಕಣ್ಣಿದ್ದಾಗಲೂ ಹೀಗೇ ಮಾಡ್ತಿದ್ರಾ ಅಜ್ಜಿ?"

"ಮತ್ತೆ? ಹಸಿ ಸೌದೆ, ಮಳೆಗಾಲ, ಹೊಗೆ. ಕಣ್ಣು ಬಿಡ್ಲಿಕ್ಕೇ ಆಗ್ತಿರಲಿಲ್ಲ ಮಗಾ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಒಂದು ಚಿಮಣಿ ದೀಪ. ಅದರಲ್ಲಿ ಬಣ್ಣ ಎಲ್ಲಿ ಕಾಣ್ತದೆ? ನನ್ನ ಅತ್ತೆಯೂ ಕಿವಿಯಿಂದಲೇ ಅಡುಗೆ ಮಾಡಿದವರು."

ಅಷ್ಟರಲ್ಲಿ ಗುಡುಗಿತು. ಹಿಂಗಾರಿನ ಸಂಜೆ ಮಳೆ, ಹೇಳದೆ ಕೇಳದೆ ಬರುವಂಥದ್ದು. ಅಡುಗೆಮನೆಯ ಮೇಲಿನ ತಗಡಿಗೆ ಕಲ್ಲು ಸುರಿದ ಹಾಗೆ ಬಿದ್ದಿತು. ಕರೆಂಟು ಹೋಯಿತು. ಗ್ಯಾಸಿನ ನೀಲಿ ಉರಿಯೊಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಅಜ್ಜಿ, ಎಂತದೂ ಕೇಳುವುದಿಲ್ಲ!"

"ನನಗೂ ಕೇಳುವುದಿಲ್ಲ. ಮೂಗಿಗೆ ಎಂತ ಬರ್ತದೆ ಹೇಳು."

"ನೀವೇ ಹೇಳಿ."

"ನನ್ನ ಮೂಗು ಕಟ್ಟಿದೆಯಲ್ಲ ಮಾರಾಯ್ತಿ."

ಚೈತ್ರಾಳ ಕೈ ಮೊಬೈಲಿಗೆ ಹೋಯಿತು. ಟಾರ್ಚು ಹಾಕಲಿಲ್ಲ. ಉರಿ ಸಣ್ಣ ಮಾಡಿ ಉಸಿರೆಳೆದಳು. ಮೊದಲು ಎಣ್ಣೆಯ ವಾಸನೆ. ಅದರ ಹಿಂದೆ ಕೊತ್ತಂಬರಿಯದ್ದು, ಇನ್ನೂ ಹಸಿ. ಕಾದಳು. ಕೈಯಾಡಿಸಿದಳು. ಹಸಿತನ ಹೋಗಿ ಪರಿಮಳ ಎದ್ದಿತು. ಬ್ಯಾಡಗಿ ಮೆಣಸು ಹಾಕಿದಳು. ಘಾಟು ಮೂಗಿನ ತುದಿಗೆ ಬಂದಿತು, ಕೆಮ್ಮು ಬರಲಿಲ್ಲ. ಇನ್ನೊಂದು ಗಳಿಗೆ ಬಿಡಬೇಕೋ, ಬೇಡವೋ? ಕೇಳಲು ತಿರುಗಿದಳು. ಅಜ್ಜಿ ಸುಮ್ಮನೆ ಕೂತಿದ್ದರು.

"ಇಳಿಸ್ತೇನೆ ಅಜ್ಜಿ."

"ಇಳಿಸು. ತಟ್ಟೆಗೆ ಸುರಿ. ಬಾಣಲೆಯಲ್ಲಿ ಬಿಡ್ಬೇಡ."

ಕರೆಂಟಿಲ್ಲದ್ದರಿಂದ ಮಿಕ್ಸಿ ಇಲ್ಲ. ಹಿಂದಿನ ಜಗಲಿಯ ರುಬ್ಬುವ ಕಲ್ಲನ್ನು ತೊಳೆದು, ಕಾಯಿತುರಿಯ ಜೊತೆ ರುಬ್ಬಿದಳು. ಅಜ್ಜಿ ಗೋಡೆ ಹಿಡಿದು ಬಂದು, ಎರಡು ಬೆರಳಲ್ಲಿ ಮಸಾಲೆ ತೆಗೆದು ಉಜ್ಜಿ, "ಇನ್ನೂ ತರಿ ಉಂಟು" ಅಂದರು. ತೋಳು ನೋಯುವವರೆಗೆ ತಿರುಗಿಸಿದಳು.

ಗುಳ್ಳ ಬೆಂದು, ಹುಣಸೆಹುಳಿ, ಬೆಲ್ಲ, ಉಪ್ಪು, ಬೇಳೆ, ಮಸಾಲೆ ಎಲ್ಲ ಸೇರಿ ಕುದಿಯುವ ಹೊತ್ತಿಗೆ ಮಳೆ ಕಡಿಮೆಯಾಗಿತ್ತು. ನೀರಿನ ತೆಳು ಸದ್ದು ಹೋಗಿ ಪಾತ್ರೆ ಗೊಳಗೊಳ ಅನ್ನುವಾಗ ಚೈತ್ರಾ ಕೇಳದೆಯೇ ಉರಿ ಆರಿಸಿದಳು. ಒಗ್ಗರಣೆಗೆ ಸಾಸಿವೆ ಚಟಪಟ ಸಿಡಿದು ಇನ್ನೇನು ನಿಲ್ಲಬೇಕು, ಆಗ ಕರಿಬೇವು ಹಾಕಿದಳು. ಇಂಗು ಮರೆಯಲಿಲ್ಲ.

ಅಜ್ಜಿ ಅಂಗೈ ಚಾಚಿದರು. ಒಂದು ಚಮಚ ಹುಳಿ ಆರಿಸಿ ಬಿಟ್ಟಳು. ಅವರು ನೆಕ್ಕಿದರು. ಮತ್ತೊಮ್ಮೆ ಕೈ ಚಾಚಿದರು.

"ಶೀತದ ಬಾಯಿ, ಸರಿಯಾಗಿ ಗೊತ್ತಾಗುವುದಿಲ್ಲ. ಕಹಿ ಇಲ್ಲ, ಅದು ಖಂಡಿತ. ಉಪ್ಪು?"

ಚೈತ್ರಾ ರುಚಿ ನೋಡಿದಳು. "ಒಂದು ಚೂರು ಕಮ್ಮಿ."

"ಹಾಗಾದ್ರೆ ಹಾಕು. ಇವತ್ತು ನೀನು ಹೇಳಿದ್ದೇ. ಆಮೇಲೆ ನೀರು ದೋಸೆಗೆ ಅಕ್ಕಿ ನೆನೆಹಾಕು. ಕಾವಲಿ ಕಾದದ್ದು ಹಿಟ್ಟಿನ ಸದ್ದಲ್ಲಿ ಹೇಗೆ ತಿಳಿಯುವುದು ಅಂತ ನಾಳೆ ಬೆಳಿಗ್ಗೆ ಹೇಳ್ತೇನೆ. ಬೇಗ ಏಳ್ಬೇಕು, ಆಯ್ತಾ?"