ಭಾನುವಾರ ಮಧ್ಯಾಹ್ನದ ಊಟದ ಬಗ್ಗೆ ನೀವು ಬರೆದ ಅಭಿಪ್ರಾಯಕ್ಕೆ ನಮ್ಮ ಉತ್ತರ

ಮಾನ್ಯರೇ, ನಮಸ್ಕಾರ.

ಗೋಲಗುಮ್ಮಟ ನೋಡಿಕೊಂಡು ವಯಸ್ಸಾದ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಹಸಿದು ಬಂದವರು ನೀವು. ನಮ್ಮ ಖಾನಾವಳಿಯಿಂದ ಬೇಸರದಿಂದ ಎದ್ದು ಹೋದಿರಿ ಎಂಬುದನ್ನು ಓದಿ ಮನಸ್ಸಿಗೆ ಬಹಳ ನೋವಾಯಿತು. ನೀವು ಭಾನುವಾರ ರಾತ್ರಿಯೇ ಬರೆದಿದ್ದರೂ ಉತ್ತರ ಕೊಡಲು ಬುಧವಾರದವರೆಗೆ ತಡವಾಯಿತು. ಕ್ಷಮೆ ಕೇಳುವ ಮುನ್ನ ಅಂದು ನಡೆದದ್ದೇನು ಎಂದು ತಿಳಿಯಬೇಕಿತ್ತು. ಅದಕ್ಕಾಗಿ ಆ ದಿನದ ಆರ್ಡರ್ ಚೀಟಿಗಳನ್ನು ತೆಗೆದು ನೋಡಿದೆ, ಗಲ್ಲೆಯ ಮೇಲಿನ ಕ್ಯಾಮೆರಾದಲ್ಲಿ ಸಮಯ ನೋಡಿದೆ, ಒಲೆಯ ಮುಂದೆ ಇದ್ದವರನ್ನೂ ಬಡಿಸಿದವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿದೆ. ನೀವು ಬರೆದದ್ದರಲ್ಲಿ ಹೆಚ್ಚಿನದು ನಿಜ. ಒಂದೆರಡು ವಿಷಯಗಳಲ್ಲಿ ಮಾತ್ರ ನಮ್ಮ ಕಡೆಯ ವಿವರ ಹೇಳಬೇಕಾಗಿದೆ.

ಮೊದಲು ರೊಟ್ಟಿಯ ವಿಷಯ. "ತಾಯಿಯವರಿಗೆ ಹಲ್ಲಿನ ಸೆಟ್ ಇದೆ, ರೊಟ್ಟಿ ಮುರಿಯಲಿಕ್ಕೂ ಬರಲಿಲ್ಲ, ಅಗಿಯಲಿಕ್ಕೂ ಬರಲಿಲ್ಲ, ಸಾರಿನಲ್ಲಿ ನೆನೆಸಿ ಅರ್ಧ ತಿಂದು ಬಿಟ್ಟರು" ಎಂದು ನೀವು ಬರೆದಿದ್ದೀರಿ. ಈ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಜೋಳದ ರೊಟ್ಟಿಯನ್ನು ನಂಬಿಯೇ ನಮ್ಮ ಅತ್ತೆಯವರು ಈ ಖಾನಾವಳಿ ಆರಂಭಿಸಿದ್ದರು. ಗೋಧಿ ಹಿಟ್ಟಿಗಿರುವ ಅಂಟು ಜೋಳದ ಹಿಟ್ಟಿಗಿಲ್ಲ. ಆದ್ದರಿಂದಲೇ ಕುದಿಯುವ ನೀರು ಹಾಕಿ ನಾದಿ, ನಾದಿದ ಹಿಟ್ಟು ಆರುವ ಮೊದಲೇ ಕೈಯಿಂದ ಬಡಿದು, ಕಾದ ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಉಬ್ಬಿದ ಕೂಡಲೇ ತಟ್ಟೆಗೆ ಹಾಕಬೇಕು. ಒಳಗಿನ ಹಬೆ ಇರುವ ತನಕವಷ್ಟೇ ಅದು ಮೆತ್ತಗಿರುತ್ತದೆ. ಹಬೆ ಹೋದ ಮೇಲೆ ಅದು ಬಿಸಿ ರೊಟ್ಟಿಯೂ ಅಲ್ಲ, ತಿಂಗಳುಗಟ್ಟಲೆ ಇಡಲೆಂದು ಒಣಗಿಸಿ ಮಾಡುವ ಖಡಕ್ ರೊಟ್ಟಿಯೂ ಅಲ್ಲ. ಖಡಕ್ ರೊಟ್ಟಿ ಕೈಯಲ್ಲಿ ಚಟ್ಟನೆ ಮುರಿಯುತ್ತದೆ, ಆರಿದ ಬಿಸಿ ರೊಟ್ಟಿ ಚರ್ಮದ ಹಾಗೆ ಜಗ್ಗುತ್ತದೆ. ನಿಮ್ಮ ತಟ್ಟೆಗೆ ಬಂದದ್ದು ಅಂಥ ರೊಟ್ಟಿ.

ಹಾಗಾದದ್ದು ಹೇಗೆ ಎಂದರೆ, ಆ ದಿನ ಶಾಲಾ ಪ್ರವಾಸದ ಒಂದು ಬಸ್ಸಿನವರು 45 ಊಟಕ್ಕೆ ಮೊದಲೇ ಹೇಳಿಟ್ಟಿದ್ದರು. ನಮ್ಮಲ್ಲಿ ಭಾನುವಾರ ರೊಟ್ಟಿ ಬಡಿಯಲು ಮೂವರು ಹೆಣ್ಣುಮಕ್ಕಳು ಇರುತ್ತಾರೆ. ಒಬ್ಬರ ಮನೆಯಲ್ಲಿ ಮದುವೆ ಇದ್ದುದರಿಂದ ಅಂದು ಇಬ್ಬರೇ ಇದ್ದರು. ಒಬ್ಬರು ತಾಸಿಗೆ ಸುಮಾರು 60 ರೊಟ್ಟಿ ಬಡಿಯಬಲ್ಲರು, ಅದಕ್ಕಿಂತ ಹೆಚ್ಚು ಕೇಳಿದರೆ ರೊಟ್ಟಿಯೂ ಕೆಡುತ್ತದೆ, ಅವರ ತೋಳೂ ಸೋಲುತ್ತದೆ. ಬಸ್ಸಿನವರಿಗೆ ಕಾಯಿಸಬಾರದೆಂದು ಹತ್ತೂವರೆಗೇ ಆರಂಭಿಸಿ 120 ರೊಟ್ಟಿ ಮಾಡಿ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಟ್ಟೆವು. 12.30ಕ್ಕೆ ಬರಬೇಕಿದ್ದ ಬಸ್ಸು 12.50ಕ್ಕೆ ಬಂತು. ಐದು ನಿಮಿಷದ ನಂತರ ನೀವು ಬಂದಿರಿ. ಬಡಿಸುವ ಇಬ್ಬರೂ ಒಳಗಿನ ಕೋಣೆಗೆ ಹೋದರು, ನಿಮ್ಮ ಟೇಬಲ್ಲಿಗೆ ನೀರು ಇಟ್ಟದ್ದು ಬಿಟ್ಟರೆ 1.37ರವರೆಗೆ ಯಾರೂ ಬರಲಿಲ್ಲ. ನೀವು "ಮುಕ್ಕಾಲು ತಾಸು" ಎಂದು ಬರೆದಿದ್ದೀರಿ, ಕ್ಯಾಮೆರಾದ ಪ್ರಕಾರ 42 ನಿಮಿಷ, ಅಂದರೆ ನಿಮ್ಮ ಮಾತೇ ಸರಿ. ಕೊನೆಗೆ ನಿಮಗೆ ಬಡಿಸಿದ ಮೊದಲ ರೊಟ್ಟಿಗಳು ಬಸ್ಸಿನವರಿಗೆಂದು ಮಾಡಿ ಉಳಿದ, ಬುಟ್ಟಿಯ ತಳದ ರೊಟ್ಟಿಗಳು. ಮೂರನ್ನು ನೀವು ಹಿಂದಕ್ಕೆ ಕಳಿಸಿದ ಮೇಲೆ ಬಂದವು ಮೆತ್ತಗಿದ್ದವು ಎಂದು ನೀವೇ ಬರೆದಿದ್ದೀರಿ. ಅವು ಆಗ ತಾನೇ ಹಂಚಿನಿಂದ ಇಳಿದವು. ಇದರಲ್ಲಿ ಒಲೆಯ ಮುಂದೆ ಕುಳಿತವರ ತಪ್ಪಿಲ್ಲ. ಹಂಚಿನ ಶಕ್ತಿ ಮೀರಿ ಊಟ ಒಪ್ಪಿಕೊಂಡವಳು ನಾನು.

ಈ ವಾರದಿಂದ ಭಾನುವಾರ ಮತ್ತು ರಜೆಯ ದಿನಗಳಲ್ಲಿ 20ಕ್ಕಿಂತ ಹೆಚ್ಚು ಜನರ ಮುಂಗಡ ಊಟವನ್ನು ಮಧ್ಯಾಹ್ನ ಎರಡೂವರೆಯ ನಂತರ ಮಾತ್ರ ಒಪ್ಪಿಕೊಳ್ಳುತ್ತೇವೆ. ಆ ದಿನಗಳಿಗೆ ರೊಟ್ಟಿ ಬಡಿಯಲು ನಾಲ್ಕನೆಯವರೊಬ್ಬರನ್ನು ಗೊತ್ತುಮಾಡಿದ್ದೇವೆ. ಹಂಚಿನಿಂದ ಇಳಿದು ಹತ್ತು ನಿಮಿಷ ಮೀರಿದ ರೊಟ್ಟಿಯನ್ನು ಗಿರಾಕಿಗಳ ತಟ್ಟೆಗೆ ಹಾಕುವಂತಿಲ್ಲ. ಗದ್ದಲ ಹೆಚ್ಚಿದ್ದರೆ ಎಷ್ಟು ಹೊತ್ತು ಕಾಯಬೇಕಾಗಬಹುದು ಎಂಬುದನ್ನು ಬಾಗಿಲಲ್ಲಿಯೇ ಹಲಗೆಯ ಮೇಲೆ ಬರೆಯುತ್ತೇವೆ, ಕಾಯಲಾಗದವರು ಕೂರುವ ಮೊದಲೇ ತೀರ್ಮಾನಿಸಬಹುದು. ವಯಸ್ಸಾದವರು ಬಂದಾಗ ತಟ್ಟೆ ಇಡುವ ಮುನ್ನವೇ ಬಿಸಿ ರೊಟ್ಟಿ ಬೇಕೋ, ಚಪಾತಿಯೋ, ಮೊದಲೇ ಅನ್ನವೋ ಎಂದು ಕೇಳಬೇಕೆಂದು ಎಲ್ಲರಿಗೂ ಹೇಳಿದ್ದೇನೆ.

ಎಣ್ಣೆಗಾಯಿಗೆ ಕಮಟು ವಾಸನೆ ಇತ್ತು, ಕರಿದ ಹಳೆಯ ಎಣ್ಣೆ ಹಾಕಿದ್ದಾರೆ ಎಂದು ಬರೆದಿದ್ದೀರಿ. ಕರಿದ ಎಣ್ಣೆಯನ್ನು ನಾವು ಪಲ್ಯಕ್ಕೆ ಬಳಸುವುದಿಲ್ಲ, ಇದನ್ನು ಖಚಿತವಾಗಿ ಹೇಳಬಲ್ಲೆ. ಆದರೆ ವಾಸನೆಯ ಮಾತು ಸುಳ್ಳಲ್ಲ. ಬದನೆಕಾಯಿಯೊಳಗೆ ತುಂಬುವ ಮಸಾಲೆಗೆ ಶೇಂಗಾ, ಎಳ್ಳು, ಕೊಬ್ಬರಿಯ ಜೊತೆಗೆ ಗುರೆಳ್ಳಿನ ಪುಡಿಯನ್ನೂ ಹಾಕುತ್ತೇವೆ. ಸೋಮವಾರ ಬೆಳಿಗ್ಗೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿದೆ. ಶೇಂಗಾ ಪುಡಿ ಚೆನ್ನಾಗಿತ್ತು. ಗುರೆಳ್ಳಿನ ಪುಡಿ ನಾಲಿಗೆಗೆ ತಾಗಿದ ಕೂಡಲೇ ಕಹಿಯಾಗಿ, ಗಂಟಲಲ್ಲಿ ಹಿಡಿದಂತಾಯಿತು. ಗುರೆಳ್ಳಿನಲ್ಲಿ ಎಣ್ಣೆಯ ಅಂಶ ಬಹಳ. ಕಾಳಾಗಿದ್ದಾಗ ತಡೆಯುತ್ತದೆ, ಪುಡಿಯಾದ ಮೇಲೆ ಗಾಳಿ ಮತ್ತು ಕಾವು ತಾಗಿದರೆ ಬೇಗ ಕೆಡುತ್ತದೆ. ಹದಿನೈದು ದಿನಗಳಿಗಾಗುವಷ್ಟು ಒಮ್ಮೆಲೇ ಪುಡಿ ಮಾಡಿ, ಆ ಡಬ್ಬಿಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದರು. ಅದನ್ನು ಪೂರ್ತಿ ಚೆಲ್ಲಿಸಿದ್ದೇನೆ. ಇನ್ನು ಮುಂದೆ ಮೂರು ದಿನಕ್ಕೆ ಬೇಕಾದಷ್ಟನ್ನೇ ಹುರಿದು ಕುಟ್ಟುತ್ತೇವೆ, ಡಬ್ಬಿಯ ಮೇಲೆ ತಾರೀಖು ಬರೆದು ತಣ್ಣನೆಯ ಕೋಣೆಯಲ್ಲಿ ಇಡುತ್ತೇವೆ. ನೀವು ಆ ವಾಸನೆಯನ್ನು ಗುರುತಿಸಿ ಬರೆಯದೇ ಇದ್ದಿದ್ದರೆ ಇನ್ನೂ ಎಷ್ಟು ಜನರಿಗೆ ಅದನ್ನೇ ಬಡಿಸುತ್ತಿದ್ದೆವೋ. ಇದಕ್ಕಾಗಿ ನಿಮಗೆ ನಾನು ನಿಜವಾಗಿ ಋಣಿ.

ಖಾರ ಹೆಚ್ಚಾಯಿತೆಂಬ ಮಾತನ್ನು ಮಾತ್ರ ತಪ್ಪೆಂದು ಒಪ್ಪಿಕೊಳ್ಳಲಾರೆ, ಅದು ಈ ಭಾಗದ ಅಡುಗೆಯ ರುಚಿ. ಮಕ್ಕಳಿಗೆಂದು ಹೇಳಿದರೆ ಖಾರವಿಲ್ಲದ ಬೇಳೆ, ಮೊಸರು, ಬೆಲ್ಲ ತುಪ್ಪ ಕೊಡುತ್ತೇವೆ. ಅದನ್ನು ನಾವಾಗಿಯೇ ಕೇಳಬೇಕಿತ್ತು. ಕೈ ತೊಳೆಯುವಲ್ಲಿ ಸಾಬೂನು ಇರಲಿಲ್ಲ, ನೆಲ ಒದ್ದೆಯಾಗಿತ್ತು ಎಂಬುದೂ ನಿಜ. ಸರಿಪಡಿಸಿದ್ದೇವೆ.

ಬಿಲ್ಲಿನ ಬಗ್ಗೆ ನೀವು ಎರಡು ಆಕ್ಷೇಪ ಎತ್ತಿದ್ದೀರಿ. ಫೋಟೊ ಹಾಕಿದ್ದರಿಂದ ಹೊಂದಿಸಿ ನೋಡಲು ಸುಲಭವಾಯಿತು. 140 ರೂಪಾಯಿಯಂತೆ ಆರು ಊಟಕ್ಕೆ 840 ರೂಪಾಯಿ, ಹೆಚ್ಚಿನ ಮೂರು ರೊಟ್ಟಿಗೆ 45 ರೂಪಾಯಿ, ಒಟ್ಟು 885ರ ಮೇಲೆ ಶೇಕಡಾ 5ರಂತೆ 44 ರೂಪಾಯಿ 25 ಪೈಸೆ. ಈ ಶೇಕಡಾ 5 ನೀವು ತಿಳಿದಂತೆ ಸೇವಾ ಶುಲ್ಕವಲ್ಲ, ಸರಕಾರಕ್ಕೆ ಕಟ್ಟುವ ಜಿಎಸ್‌ಟಿ. ಅದರಲ್ಲಿ ಎರಡೂವರೆ ಕೇಂದ್ರದ್ದು, ಎರಡೂವರೆ ರಾಜ್ಯದ್ದು. ಹೋಟೆಲಿನವರು ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಎಲ್ಲಿಯೇ ಆಗಲಿ ಹಾಗೆ ಸೇರಿಸಿದ್ದು ಕಂಡರೆ ತೆಗೆಸಲು ಹೇಳಬಹುದು, ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ನಾವು ಅದನ್ನು ಎಂದೂ ಹಾಕಿಲ್ಲ. ಆದರೆ ನಮ್ಮ ಬಿಲ್ಲಿನಲ್ಲಿ "ಎಸ್. ಟ್ಯಾಕ್ಸ್" ಎಂದು ಅರ್ಧ ಮಾಸಿದ ಅಕ್ಷರದಲ್ಲಿ ಬರುತ್ತಿತ್ತು, ಅದನ್ನು ಓದಿ ಯಾರಿಗಾದರೂ ಅನುಮಾನ ಬರುವುದು ಸಹಜ. ಈಗ ಎರಡೂ ತೆರಿಗೆಗಳು ಬೇರೆ ಬೇರೆ ಸಾಲಿನಲ್ಲಿ ಪೂರ್ತಿ ಹೆಸರಿನೊಂದಿಗೆ ಅಚ್ಚಾಗುತ್ತವೆ. ಹೊರಗಿನವರಿಗೊಂದು ದರ, ಊರಿನವರಿಗೊಂದು ದರ ಎಂಬುದು ನಮ್ಮಲ್ಲಿ ಇಲ್ಲ. ಗಲ್ಲೆಯ ಹಿಂದಿನ ಹಲಗೆಯ ಮೇಲೆ ಬರೆದದ್ದೇ ಎಲ್ಲರಿಗೂ ದರ.

ಎರಡನೆಯ ಆಕ್ಷೇಪದಲ್ಲಿ ತಪ್ಪು ಪೂರ್ತಿಯಾಗಿ ನಮ್ಮದು. ನೀವು ಹಿಂದಕ್ಕೆ ಕಳಿಸಿದ ಮೂರು ರೊಟ್ಟಿಗಳ ಬದಲಿಗೆ ಕೊಟ್ಟ ಮೂರನ್ನೇ ಚೀಟಿಯಲ್ಲಿ "ಹೆಚ್ಚಿನ ರೊಟ್ಟಿ" ಎಂದು ಬರೆದಿದ್ದಾರೆ. ತಿನ್ನಲಾಗದ ರೊಟ್ಟಿಗೆ ಬದಲಿ ಕೊಟ್ಟು ಅದಕ್ಕೂ ಹಣ ಪಡೆದಂತಾಯಿತು. ತೆರಿಗೆ ಸೇರಿ 47 ರೂಪಾಯಿ 25 ಪೈಸೆ ನಿಮಗೆ ಹಿಂದಿರುಗಿಸಬೇಕಾಗಿದೆ. ನೀವು ಫೋನಿನಿಂದಲೇ ಹಣ ಕೊಟ್ಟಿದ್ದೀರಿ, ಅದೇ ಖಾತೆಗೆ ಇಂದು ಕಳಿಸಿದ್ದೇವೆ. ಬಂದಿಲ್ಲವಾದರೆ ಬಿಲ್ಲಿನ ಮೇಲಿರುವ ನಮ್ಮ ಸಂಖ್ಯೆಗೆ ದಯವಿಟ್ಟು ತಿಳಿಸಿರಿ. ಪುಕ್ಕಟೆ ಊಟದ ಆಮಿಷ ಒಡ್ಡಿ ನಿಮ್ಮ ಮಾತನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ನೀವು ಕೇಳಿದ್ದು ನ್ಯಾಯವಾದ ಲೆಕ್ಕ, ಅದನ್ನು ಕೊಡುತ್ತಿದ್ದೇನೆ.

ಇನ್ನು ಬಡಿಸುವ ಹುಡುಗನ ಮಾತು. ತಡವೇಕೆ ಎಂದು ನೀವು ಕೇಳಿದಾಗ "ಬೇಕಾದ್ರ ಕುಂದರ್ರಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ರಿ" ಎಂದನಂತೆ. ಕೇಳಿದಾಗ ಅವನು ಮುಚ್ಚಿಡದೆ ಒಪ್ಪಿಕೊಂಡ. ನಮ್ಮ ಕಡೆ ಮಾತಿನ ಕೊನೆಗೆ "ರೀ" ಹಚ್ಚಿದರೆ ಮರ್ಯಾದೆ ಕೊಟ್ಟಂತೆ ಎಂದು ತಿಳಿಯುತ್ತೇವೆ, ಆದರೆ ಹಸಿದು ಕುಳಿತ ಹಿರಿಯರ ಮುಂದೆ ಆಡಿದ ಈ ಮಾತಿನಲ್ಲಿ ಮರ್ಯಾದೆ ಎಲ್ಲಿದೆ? ಬೆಳಗಿನ ಎಂಟರಿಂದ ಅವನು ನಿಂತೇ ಇದ್ದ, ಅಂದು ಒಂದು ತುತ್ತೂ ಉಂಡಿರಲಿಲ್ಲ. ಅದನ್ನು ನೆಪವಾಗಿ ಹೇಳುತ್ತಿಲ್ಲ, ಕೆಲಸದವರನ್ನು ಉಪವಾಸ ನಿಲ್ಲಿಸಿದ್ದು ನನ್ನ ತಪ್ಪೆಂದು ಹೇಳುತ್ತಿದ್ದೇನೆ. ಈಗ ಹನ್ನೊಂದೂವರೆಗೆ ಎಲ್ಲರ ಊಟ ಮುಗಿದ ಮೇಲೆಯೇ ಬಾಗಿಲು ತೆರೆಯುತ್ತೇವೆ. ನಿಮ್ಮ ಬರಹದ ಕೆಳಗೆ ಕೆಲವರು ಅವನನ್ನು ಕೆಲಸದಿಂದ ತೆಗೆಯಿರಿ ಎಂದು ಬರೆದಿದ್ದಾರೆ. ತೆಗೆಯುವುದಿಲ್ಲ. ನೀವು ಒಪ್ಪಿದರೆ ಅವನೇ ಫೋನಿನಲ್ಲಿ ನಿಮ್ಮ ತಾಯಿಯವರ ಕ್ಷಮೆ ಕೇಳಬೇಕೆಂದಿದ್ದಾನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಅಭಿಪ್ರಾಯವನ್ನು ಅಳಿಸಿರಿ ಎಂದಾಗಲಿ, ನಕ್ಷತ್ರ ಹೆಚ್ಚಿಸಿರಿ ಎಂದಾಗಲಿ ನಾನು ಕೇಳುವುದಿಲ್ಲ. ಆ ದಿನದ ಊಟಕ್ಕೆ ಒಂದು ನಕ್ಷತ್ರ ಸರಿಯಾದದ್ದೇ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ಮತ್ತೊಮ್ಮೆ ವಿಜಯಪುರಕ್ಕೆ ಬಂದು ನಮ್ಮಲ್ಲಿಗೆ ಬರುವ ಮನಸ್ಸಾದರೆ, ಒಲೆ ಆಗಷ್ಟೇ ಕಾದಿರುವ ಹನ್ನೆರಡರ ಹೊತ್ತಿಗೆ ಬಂದರೆ ಅನುಕೂಲ. ಅವರ ತಟ್ಟೆಯ ರೊಟ್ಟಿಯನ್ನು ನಾನೇ ಬಡಿಯುತ್ತೇನೆ.

ಇಂತಿ,
ಖಾನಾವಳಿಯ ಮಾಲಕಿ,
ಸ್ಟೇಷನ್ ರಸ್ತೆ, ವಿಜಯಪುರ