ಸವಿತಾ ಮೇಡಂ ಅವರಿಗೆ

ನಮಸ್ಕಾರ ಮೇಡಂ,

ನಿನ್ನೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

180 ದಿನದ ಹೆರಿಗೆ ರಜೆಗೆ ಹೊರಟಾಗ ನನಗಿದ್ದ ದೊಡ್ಡ ಚಿಂತೆ ಹತ್ತನೇ ಕ್ಲಾಸಿನ ಗಣಿತ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಡುವೆ ಬಿಟ್ಟು ಹೋಗುವುದು ಸುಲಭವಲ್ಲ ಅಲ್ವಾ? ನಿಮ್ಮ ವಿಜ್ಞಾನದ ಪಿರಿಯಡ್‌ಗಳೇ ಸಾಕಷ್ಟಿದ್ದವು. ಆದರೂ ಯಾರೂ ಕೇಳುವ ಮೊದಲೇ "ನಾನು ತಗೊಳ್ತೀನಿ, ನೀನು ಆರಾಮಾಗಿ ಹೋಗು" ಅಂದಿರಿ.

ಇವತ್ತು ಮಕ್ಕಳ ನೋಟ್ಸ್ ತಿರುವಿ ನೋಡಿದೆ. ಥೇಲ್ಸ್ ಪ್ರಮೇಯವನ್ನು ಪ್ರತಿಯೊಬ್ಬರ ಕೈಲೂ ಮತ್ತೆ ಮತ್ತೆ ಬರೆಸಿದ್ದೀರಿ. ಚಿತ್ರ, ದತ್ತ, ಸಾಧನೀಯ, ರಚನೆ, ಎಲ್ಲ ಹಂತಗಳೂ ಇವೆ. ತಪ್ಪಿದ ಕಡೆ ಸುಮ್ನೆ ಕೆಂಪು ಗೀಟು ಎಳೆದಿಲ್ಲ, ಪಕ್ಕದಲ್ಲಿ ಸರಿಯಾದ ಹೆಜ್ಜೆ ಬರೆದುಕೊಟ್ಟಿದ್ದೀರಿ. ವರ್ಗ ಸಮೀಕರಣ ಅಂದರೆ ಹೆದರುತ್ತಿದ್ದ ಹಿಂದಿನ ಬೆಂಚಿನ ಹುಡುಗಿ ಇವತ್ತು ತಾನಾಗಿ ಬೋರ್ಡಿಗೆ ಬಂದು ಲೆಕ್ಕ ಮಾಡಿದಳು. ನನಗೆ ಕಣ್ಣು ತುಂಬಿ ಬಂತು.

ಅಂಕಗಳ ಆನ್‌ಲೈನ್ ಎಂಟ್ರಿಯನ್ನೂ ಮುಗಿಸಿಟ್ಟಿದ್ದೀರಿ. ಇಷ್ಟೆಲ್ಲ ಇದ್ದರೂ ಒಂದು ದಿನವೂ ಶಾಲೆಯ ಕೆಲಸಕ್ಕೆ ನನಗೆ ಫೋನ್ ಮಾಡಲಿಲ್ಲ. ಮಾಡಿದಾಗಲೆಲ್ಲ ಕೇಳಿದ್ದು "ಮಗು ಹೇಗಿದೆ, ನೀನು ಊಟ ಮಾಡಿದೆಯಾ" ಅಂತ ಮಾತ್ರ. ನಿಶ್ಚಿಂತೆಯಿಂದ ಮಗುವಿನ ಜೊತೆ ಇರಲು ಆಗಿದ್ದು ನಿಮ್ಮಿಂದ. ತುಂಬಾ ಥ್ಯಾಂಕ್ಸ್ ಮೇಡಂ.

ಮಗಳ ಮದುವೆಗೆ ನೀವು ರಜೆ ಹಾಕಿದಾಗ ನಿಮ್ಮ ಎಂಟನೇ ಕ್ಲಾಸಿನ ವಿಜ್ಞಾನ ನನಗೇ ಇರಲಿ. ಹೆಡ್‌ಮಾಸ್ಟರಿಗೆ ಈಗಲೇ ಹೇಳಿಟ್ಟಿದ್ದೇನೆ.

ನಿಮ್ಮ,
ಲತಾ