ತರಗತಿ ವೀಕ್ಷಣೆ ರೂಬ್ರಿಕ್: 5ನೇ ತರಗತಿ, ಗಣಿತ, ಭಿನ್ನರಾಶಿ

ಎರಡನೇ ಪೀರಿಯಡ್, 40 ನಿಮಿಷ. ಹಾಜರಿ 34. ನೋಡಿದವರು: ಮುಖ್ಯ ಶಿಕ್ಷಕಿ.

ಮೇಡಂ, ಈ ಹಾಳೆ ಯಾವ ಫೈಲಿಗೂ ಹೋಗುವುದಿಲ್ಲ, ನಮ್ಮಿಬ್ಬರ ಮಧ್ಯೆಯೇ ಇರುತ್ತದೆ. ಹಂತ 1 ಅಂದರೆ ಕಾಣಲಿಲ್ಲ. 2 ಅಂದರೆ ಅಲ್ಲೊಂದು ಇಲ್ಲೊಂದು ಕಂಡಿತು. 3 ಅಂದರೆ ಹೆಚ್ಚಿನ ಮಕ್ಕಳಿಗೆ ತಲುಪಿತು. 4 ಅಂದರೆ ನೀವು ಹೇಳದೆಯೇ ಮಕ್ಕಳು ಮಾಡುತ್ತಿದ್ದರು. ಕೂಡಿಸಿ ಒಟ್ಟು ಅಂಕ ತೆಗೆಯಬೇಡಿ, ಅದಕ್ಕೆ ಅರ್ಥವಿಲ್ಲ.

ತಯಾರಿ, ಸಾಮಗ್ರಿ: ಹಂತ 3
ಚಿಕ್ಕಿಯನ್ನೇ ಮುರಿದು 1/2, 1/4 ತೋರಿಸಿದಿರಿ. ನಿದ್ದೆಗಣ್ಣಲ್ಲಿದ್ದವರೂ ಎದ್ದು ಕೂತರು.

ಮಕ್ಕಳ ಉತ್ತರವನ್ನು ಬಳಸಿಕೊಳ್ಳುವುದು: ಹಂತ 1
(1: ಸರಿ ಉತ್ತರ ಸಿಗುವವರೆಗೆ ಬೇರೆಯವರನ್ನು ಕೇಳುವುದು. 2: ತಪ್ಪನ್ನು ತಾವೇ ತಿದ್ದಿ ಹೇಳುವುದು. 3: "ಹೇಗೆ ಗೊತ್ತಾಯ್ತು?" ಎಂದು ಕೇಳುವುದು. 4: ಮಕ್ಕಳೇ ಒಬ್ಬರನ್ನೊಬ್ಬರು ಹೀಗೆ ಕೇಳುವುದು.)

ನಾನು ಜಾಸ್ತಿ ಬರೆಯಬೇಕಿರುವುದು ಇಲ್ಲೇ. ಚಿಕ್ಕಿ ಮುರಿದಾಗ ಕಿಟಕಿ ಪಕ್ಕದ ಹುಡುಗ "ಮಿಸ್, ಅವನಿಗೆ ದೊಡ್ಡ ತುಂಡು" ಅಂದ, ನೀವು "ಸುಮ್ನೆ ಕೂತ್ಕೋ" ಅಂದಿರಿ. ಅವನು ಗಲಾಟೆ ಮಾಡಿದ್ದಲ್ಲ ಮೇಡಂ, ಭಾಗಗಳು ಸಮ ಇಲ್ಲದಿದ್ದರೆ ಅದು ಅರ್ಧ ಅಲ್ಲ ಅನ್ನುವುದನ್ನೇ ಅವನ ಭಾಷೆಯಲ್ಲಿ ಹೇಳಿದ್ದು, ಅಲ್ವಾ? ಆಮೇಲೆ ಒಬ್ಬಳು 1/3 ಗಿಂತ 1/4 ದೊಡ್ಡದು ಅಂದಳು. 3ಕ್ಕಿಂತ 4 ದೊಡ್ಡದಲ್ಲವಾ, ಅದಕ್ಕೆ. ನೀವು "ತಪ್ಪು" ಅಂದು ಮುಂದಿನವರನ್ನು ಕೇಳಿದಿರಿ, ಅವಳ ನೋಟ್‌ಬುಕ್‌ನಲ್ಲಿ ಕೊನೆಗೂ 1/4 ದೊಡ್ಡದೇ ಇತ್ತು. ಒಂದೇ ಅಳತೆಯ ಎರಡು ಚಿಕ್ಕಿ ಕೊಟ್ಟು, ಒಂದನ್ನು ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಹಂಚು ಅಂದಿದ್ದರೆ ಅವಳೇ ತಿದ್ದಿಕೊಳ್ಳುತ್ತಿದ್ದಳು.

ಪ್ರಶ್ನೆ ಕೇಳಿ ಕಾಯುವುದು: ಹಂತ 2
23 ಪ್ರಶ್ನೆ ಎಣಿಸಿದೆ, 17ಕ್ಕೆ ಮುಂದಿನ ಬೆಂಚಿನ ಅದೇ ಐವರು ಉತ್ತರಿಸಿದರು. ನೀವು ಕಾದಿದ್ದು ಹೆಚ್ಚೆಂದರೆ ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಹೆಚ್ಚು ಮಕ್ಕಳು, ಹೆಚ್ಚು ಉದ್ದದ ಉತ್ತರ ಕೊಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಕೇಳೋಕೆ ಸುಲಭ, ಆದರೆ ಆ ಮೌನದಲ್ಲಿ ನಿಲ್ಲುವುದು ನನಗೂ ಕಷ್ಟವೇ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ. ಹಿಂದೆ ಕೂತ ಇಬ್ಬರು ಮನೆಯಲ್ಲಿ ತೆಲುಗು ಆಡುತ್ತಾರೆ. ಅವರಿಗೆ ಪ್ರಶ್ನೆ ಅರ್ಥವಾಗುವುದಕ್ಕೇ ಸ್ವಲ್ಪ ಹೊತ್ತು ಬೇಕು.

ಬೋರ್ಡ್ ಕೆಲಸ: ಹಂತ 3
ಚೆನ್ನಾಗಿದೆ. ಅಂಶ, ಛೇದ ಬರೆಯುವಾಗ ನಡುವಿನ ಗೆರೆ ಸ್ವಲ್ಪ ಉದ್ದ ಎಳೆಯಿರಿ, ಹಿಂದಿನವರಿಗೆ ಕಾಣುತ್ತಿರಲಿಲ್ಲ.

ಮುಂದೆ
ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಒಂದೇ ಒಂದು: ತಪ್ಪು ಉತ್ತರ ಬಂದಾಗ "ಹೇಗೆ ಗೊತ್ತಾಯ್ತು?" ಎಂದು ಕೇಳಿ. ಬುಧವಾರ ನಿಮ್ಮ ಮೂರನೇ ಪೀರಿಯಡ್ ನಾನು ತೆಗೆದುಕೊಳ್ಳುತ್ತೇನೆ, ನೀವು ಹಿಂದೆ ಕೂತು ನಾನು ಎಷ್ಟು ಸೆಕೆಂಡ್ ಕಾಯುತ್ತೇನೆ ಎಂದು ಎಣಿಸಿ. ಮುಂದಿನ ಗುರುವಾರ ನಿಮ್ಮ ಕ್ಲಾಸಿಗೆ ಬರುತ್ತೇನೆ, ಅದೊಂದನ್ನೇ ನೋಡುತ್ತೇನೆ. ಈ ಹಂತಗಳಲ್ಲಿ ಯಾವುದಾದರೂ ಸರಿಯಿಲ್ಲ ಅನ್ನಿಸಿದರೆ ಊಟದ ಬಿಡುವಿನಲ್ಲಿ ಬನ್ನಿ, ಜಗಳ ಆಡೋಣ.